ಚಾರಣಕ್ಕೆ ಬಿನ್‌ಪಗಾರಿ ರಜೆ: ಅರ್ಜಿಯಲ್ಲಿ ತಪ್ಪುವುದು ತಾರೀಖೇ

ನಿಡೋಣಿ, ಬಬಲೇಶ್ವರ, ತಿಕೋಟಾ ಸುತ್ತಿನ ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಖಾಸಗಿ ಶಾಲೆಗಳಲ್ಲಿ ದುಡಿಯುವ ಹುಡುಗ–ಹುಡುಗಿಯರೂ ಈಗ ಹಿಮಾಲಯದ ಚಾರಣಕ್ಕೆ ಹೆಸರು ಕೊಡುತ್ತಿದ್ದಾರೆ. ಗಳಿಕೆ ರಜೆ ಸಾಲದಿದ್ದಾಗ ಪಗಾರ ಇಲ್ಲದ ರಜೆ ಕೇಳಬೇಕಾಗುತ್ತದೆ. ಇದು ಹಕ್ಕಲ್ಲ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನಮ್ಮ ರಾಜ್ಯದ 1961ರ ಕಾಯ್ದೆ 20 ದಿನದ ಕೆಲಸಕ್ಕೆ ಒಂದು ದಿನದ ಗಳಿಕೆ ರಜೆ ಕೊಡುತ್ತದೆ. ಅದರಾಚೆಗಿನದು ಮಾಲೀಕರ ಇಚ್ಛೆ. ಸರಕಾರಿ ನೌಕರರು ಅಸಾಧಾರಣ ರಜೆ ಕೇಳಬಹುದು, ಆದರೆ ವೈದ್ಯಕೀಯ ಕಾರಣವಿಲ್ಲದೆ ಪಡೆದರೆ ಸಾಮಾನ್ಯವಾಗಿ ವಾರ್ಷಿಕ ವೇತನ ಬಡ್ತಿ ಅಷ್ಟು ದಿನ ಮುಂದೆ ಹೋಗುತ್ತದೆ. ಕೇಂದ್ರ ಸರಕಾರದ ನೌಕರರಾಗಿದ್ದರೆ, ಭಾರತೀಯ ಪರ್ವತಾರೋಹಣ ಪ್ರತಿಷ್ಠಾನ ಒಪ್ಪಿದ ಆರೋಹಣಕ್ಕೆ ವಿಶೇಷ ಸಾಂದರ್ಭಿಕ ರಜೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಸಿಗುವುದಾದರೆ ಪಗಾರ ಕಳೆದುಕೊಳ್ಳುವ ಮಾತೇ ಇಲ್ಲ.

ಅರ್ಜಿ ಬರೆಯುವವರು ಸುರಕ್ಷತೆಗೊಂದು ವಾಕ್ಯ, ಮರಳುವ ದಿನಕ್ಕೊಂದು ವಾಕ್ಯ ಬರೆದು ಮುಗಿಸುತ್ತಾರೆ. ಇವೆರಡೂ ಬೇರೆ ಬೇರೆ ಸಂಗತಿ ಎಂದುಕೊಳ್ಳುವುದೇ ಮೂಲ ತಪ್ಪು. ಬೆಟ್ಟದಲ್ಲಿ ಕೆಟ್ಟ ನಿರ್ಧಾರಕ್ಕೆ ತಳ್ಳುವ ದೊಡ್ಡ ಒತ್ತಡಗಳಲ್ಲಿ ಬಿಗಿಯಾದ ತಾರೀಖೂ ಒಂದು. ನಮ್ಮ ಊರುಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ತಲೆನೋವು, ವಾಕರಿಕೆ, ನಿದ್ದೆಗೇಡು ಶುರುವಾಗಬಹುದು. ದಿನವೂ ಹೊಲದಲ್ಲಿ ದುಡಿಯುವ ಗಟ್ಟಿ ಆಳಿಗೂ ಇದರಿಂದ ವಿನಾಯಿತಿ ಇಲ್ಲ. ಆಗ ಮಾಡಬೇಕಾದ್ದು ಮೇಲೇರುವುದನ್ನು ನಿಲ್ಲಿಸುವುದು, ಹೆಚ್ಚಾದರೆ ಕೆಳಗಿಳಿಯುವುದು. ಆದರೆ ಸೋಮವಾರ ಪಾಳಿಗೆ ಹಾಜರಾಗಲೇಬೇಕಾದವನು ತಲೆನೋವನ್ನು ಮಾರ್ಗದರ್ಶಿಗೆ ಹೇಳದೆ ಮುಚ್ಚಿಡುತ್ತಾನೆ, ತಂಡದ ಜೊತೆಗೇ ಏರುತ್ತಾನೆ. ಹಾಗಾಗಿ ಅರ್ಜಿಯಲ್ಲಿರುವ ಅತಿ ಮುಖ್ಯ ಸುರಕ್ಷತಾ ಭರವಸೆ ಎಂದರೆ ಹಾಜರಾಗುವ ತಾರೀಖೇ.

ಲೆಕ್ಕ ಹಾಕುವ ಕ್ರಮ ನೋಡಿ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಒಬ್ಬರು ಹಿಮಾಚಲದ ಸಾರ್ ಪಾಸ್ ಚಾರಣಕ್ಕೆ ಹೊರಟಿದ್ದಾರೆನ್ನಿ. ಕಬ್ಬು ನುರಿಸುವ ಹಂಗಾಮಿನಲ್ಲಿ ರಜೆ ಕೇಳುವುದೇ ವ್ಯರ್ಥ. ಮೇ ತಿಂಗಳು ಹಂಗಾಮಿನ ಆಚೆಗಿದೆ, ಚಾರಣಕ್ಕೂ ಅದೇ ಕಾಲ. ಮೇ 16ರ ಸಂಜೆ ಕೆಲಸ ಮುಗಿಸಿ ಸೊಲ್ಲಾಪುರಕ್ಕೆ ಹೋಗಿ ದಿಲ್ಲಿಯ ರೈಲು ಹಿಡಿದರೆ 18ಕ್ಕೆ ದಿಲ್ಲಿ, ರಾತ್ರಿ ಬಸ್ಸಿನಲ್ಲಿ 19ಕ್ಕೆ ಕಸೋಲ್. 20ರಂದು ಅಲ್ಲೇ ಉಳಿದು ದೇಹ ಹೊಂದಿಸಿಕೊಳ್ಳಬೇಕು. 21ರಿಂದ 25ರವರೆಗೆ ನಡಿಗೆ: ಗ್ರಹಣ್ ಹಳ್ಳಿ, ಮಿನ್ ಥಾಚ್, ನಾಗಾರು, ಸುಮಾರು 4,200 ಮೀಟರಿನ ಕಣಿವೆದಾರಿ ದಾಟಿ ಬಿಸ್ಕೇರಿ, ಕೊನೆಗೆ ಬರ್ಶೈಣಿ. 26ರ ಸಂಜೆ ಬಸ್ಸು, 27ಕ್ಕೆ ದಿಲ್ಲಿ, 29ಕ್ಕೆ ವಿಜಯಪುರ. ಬಹಳ ಜನ ಚಾರಣ ಮುಗಿಯುವ 25ನ್ನು ಹಿಡಿದುಕೊಂಡು, ಪ್ರಯಾಣಕ್ಕೆಂದು ಎರಡು ದಿನ ಕೂಡಿಸಿ, 17ರಿಂದ 27ರವರೆಗೆ 11 ದಿನ ಕೇಳಿ, ‘28ಕ್ಕೆ ಹಾಜರಾಗುತ್ತೇನೆ’ ಎಂದು ಬರೆದುಬಿಡುತ್ತಾರೆ. ಎಲ್ಲವೂ ಸರಿಯಾಗಿ ನಡೆದರೂ 28ಕ್ಕೆ ಅವರು ಇನ್ನೂ ರೈಲಿನಲ್ಲೇ ಇರುತ್ತಾರೆ. ನಾಗಾರುವಿನಲ್ಲಿ ಹಿಮ ಸುರಿದು ಒಂದು ದಿನ ಡೇರೆಯಲ್ಲೇ ಕೂರಬೇಕಾಗಬಹುದು, ಕುಲ್ಲು ಕಡೆಯ ರಸ್ತೆ ಮಣ್ಣು ಕುಸಿದು ಕಟ್ಟಬಹುದು. ಬೆಟ್ಟಕ್ಕೆ ಒಂದು, ರಸ್ತೆಗೆ ಒಂದು ಎಂದು ಎರಡು ದಿನ ಹೆಚ್ಚು ಹಿಡಿದು, ಮೇ 17ರಿಂದ 31ರವರೆಗೆ 15 ದಿನ ಕೇಳಿ, ‘ಜೂನ್ 1ರಂದು ಕೆಲಸಕ್ಕೆ ಹಾಜರಾಗುತ್ತೇನೆ’ ಎಂದು ಬರೆಯುವುದು ಸರಿ. ‘ಮರಳುತ್ತೇನೆ’ ಎಂಬ ಮಾತೇ ಬೇಡ. ಊರಿಗೆ ಮರಳುವ ದಿನವೇ ಬೇರೆ, ಹಾಜರಾಗುವ ದಿನವೇ ಬೇರೆ.

ಹದಿನೈದು ದಿನ ಕೇಳಿದರೆ ಸಾಹೇಬರು ಹನ್ನೊಂದನ್ನೂ ಕೊಡಲಿಕ್ಕಿಲ್ಲ ಎಂಬ ಅಂಜಿಕೆ ಇರುತ್ತದೆ. ಆದರೆ ಮೇಲಧಿಕಾರಿಗೆ ಕಷ್ಟವಾಗುವುದು ದಿನ ಹೆಚ್ಚಾದಾಗಲ್ಲ, ಹೇಳಿದ ದಿನ ಆಳು ಬರದೆ ಪಾಳಿ ಖಾಲಿ ಬಿದ್ದಾಗ. ಹದಿನೈದು ದಿನಕ್ಕೆ ಬದಲಿ ವ್ಯವಸ್ಥೆ ಮೊದಲೇ ಮಾಡಬಹುದು, ಗೊತ್ತಿಲ್ಲದ ನಾಲ್ಕು ದಿನಕ್ಕೆ ಆಗದು. ಕಾನೂನೂ ಹೆಚ್ಚು ಕೇಳುವವರ ಪರವಾಗಿಯೇ ಇದೆ: 1946ರ ಕೇಂದ್ರ ನಿಯಮಗಳ ಮಾದರಿ ಸ್ಥಾಯಿ ಆದೇಶಗಳನ್ನು ಅನುಸರಿಸುವ ಕಾರ್ಖಾನೆಗಳಲ್ಲಿ, ಮಂಜೂರಾದ ರಜೆ ಮುಗಿದು 8 ದಿನದೊಳಗೆ ಬಂದು ಒಪ್ಪುವಂಥ ಕಾರಣ ಕೊಡದಿದ್ದರೆ ಹುದ್ದೆಯ ಮೇಲಿನ ಹಕ್ಕೇ ಹೋಗುತ್ತದೆ. ಎರಡು ದಿನ ಮೊದಲೇ ಬಂದರೆ ಅನುಮತಿ ಪಡೆದು ಕೆಲಸಕ್ಕೆ ಸೇರಬಹುದು. ಇನ್ನು ‘ಮನೆಯಲ್ಲಿ ಮದುವೆ’ ಎಂದೋ, ಡಾಕ್ಟರ ಚೀಟಿ ತಂದೋ ಹೋಗಿಬಿಡುವ ಜಾಣತನ ಬೇಡ. ಸುಳ್ಳು ಚೀಟಿ ತಾನೇ ಒಂದು ದುರ್ನಡತೆ, ಅದೂ ಅಲ್ಲದೆ ಆಪತ್ತು ಬಂದಾಗ ನೀವು ಎಲ್ಲಿದ್ದೀರಿ ಎಂಬುದೇ ಕಚೇರಿಗೆ ಗೊತ್ತಿರುವುದಿಲ್ಲ.

ಸುರಕ್ಷತೆಯ ಬಗ್ಗೆ ‘ಅನುಭವಿ ತಂಡದ ಜೊತೆ ಹೋಗುತ್ತಿದ್ದೇನೆ, ಚಿಂತೆ ಬೇಡ’ ಎನ್ನುವುದು ಭರವಸೆಯಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕ 22 ಜನರ ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು; ಜೊತೆಗೆ ಸ್ಥಳೀಯ ಮಾರ್ಗದರ್ಶಿಗಳೂ ಇದ್ದರು, ಹೊರಟದ್ದು ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಮೂಲಕ. ಆದರೂ 9 ಜನ ತೀರಿಕೊಂಡರು. 13 ಜನ ಬದುಕಿ ಬಂದರು. ಎತ್ತರದಲ್ಲಿ ಅಪಾಯ ಇಲ್ಲವೆಂದು ಯಾರೂ ಬರೆದುಕೊಡಲಾರರು. ಬರೆದುಕೊಡಲು ಸಾಧ್ಯವಿರುವುದು ತಪಾಸಣೆಗೆ ಸಿಗುವ ಸಂಗತಿಗಳನ್ನು: ದಿನಕ್ಕೊಂದು ತಂಗುದಾಣದ ಪಟ್ಟಿ, ಆಯೋಜಕರ ಕಚೇರಿ ಸಂಖ್ಯೆ, ವೈದ್ಯರ ದೃಢೀಕರಣ, ವಿಮೆಯ ಪ್ರತಿ. ಸಾಮಾನ್ಯ ಅಪಘಾತ ವಿಮೆಯಲ್ಲಿ ಸಾಹಸ ಕ್ರೀಡೆಯನ್ನು ಹೊರಗಿಟ್ಟಿರುವುದೇ ಹೆಚ್ಚು, ಓದಿ ನೋಡಿ. ಇವೆಲ್ಲಕ್ಕಿಂತ ಮುಖ್ಯವಾದ, ಯಾರೂ ಬರೆಯದ ಒಂದು ಸಾಲಿದೆ: ‘ಮೇ 21ರಿಂದ 25ರವರೆಗೆ ಮೊಬೈಲ್ ಸಿಗುವುದಿಲ್ಲ, 26ರ ಸಂಜೆಯೊಳಗೆ ನನ್ನ ಕರೆ ಬಾರದಿದ್ದರೆ ಆಯೋಜಕರಿಗೂ ನನ್ನ ಅಣ್ಣನಿಗೂ ಫೋನ್ ಮಾಡಿ.’ ಈ ಗಡುವಿಲ್ಲದಿದ್ದರೆ ಮನೆಯವರು ಮೊದಲ ದಿನವೇ ಗಾಬರಿಯಾಗುತ್ತಾರೆ, ಇಲ್ಲವೇ ನಿಜವಾಗಿ ಗಾಬರಿಯಾಗಬೇಕಾದ ದಿನವೂ ‘ನೆಟ್‌ವರ್ಕ್ ಇರಲಿಕ್ಕಿಲ್ಲ’ ಎಂದು ಸುಮ್ಮನಿರುತ್ತಾರೆ. ಇಷ್ಟೆಲ್ಲ ಬರೆದರೆ ಮೇಲಿನವರು ಹೆದರಿ ರಜೆ ತಡೆಯುವುದಿಲ್ಲವೇ? ಕೆಲವರು ತಡೆಯಬಹುದು. ಆದರೆ ‘ಏನಾದರೂ ಆದರೆ ನಾನೇ ಹೊಣೆ’ ಎಂಬ ಮುಚ್ಚಳಿಕೆ ಓದಿದವರು ಇನ್ನೂ ಹೆಚ್ಚು ಹೆದರುತ್ತಾರೆ.

ಉಳಿದದ್ದು ಚುಟುಕಾಗಿ. ಅರ್ಜಿಯನ್ನು ಒಂದೂವರೆ ತಿಂಗಳು ಮೊದಲೇ ಕೊಡಿ, ರೈಲು ಟಿಕೆಟ್ಟಿಗಿಂತ ಮುಂಚೆ. ನಿಮ್ಮ ಕೆಲಸ ನೋಡಿಕೊಳ್ಳುವವರ ಹೆಸರನ್ನು ಅವರ ಒಪ್ಪಿಗೆ ಪಡೆದೇ ಬರೆಯಿರಿ. ರಜೆಯ ನಡುವಿನ ಭಾನುವಾರಗಳಿಗೂ ಪಗಾರ ಕಡಿತವೇ ಎಂದು ಕೇಳಿಕೊಳ್ಳಿ. ಆ ತಿಂಗಳು ಕೈಗೆ ಬರುವುದು ಅರ್ಧ ಪಗಾರವಾದ್ದರಿಂದ ಸಾಲದ ಕಂತಿಗೆ ಹಣ ಮೊದಲೇ ಇಟ್ಟಿರಿ. ಮಂಜೂರಾತಿಯನ್ನು ಬಾಯಿಮಾತಿಗೆ ಬಿಡದೆ ಲಿಖಿತವಾಗಿ ಪಡೆದು, ಒಂದು ಪ್ರತಿಯನ್ನು ಮನೆಯಲ್ಲಿ ಕೊಟ್ಟು ಹೋಗಿ.