ಎರಡು ಪಟ್ಟಿ, ಒಬ್ಬರೇ ಗ್ರಾಹಕರೇ? ತಾಳೆ ನೋಡುವ ಕ್ರಮ



ಹಾಲಿನ ಬಟವಾಡೆ ಪಟ್ಟಿಯಲ್ಲಿ ಸದಸ್ಯರಿಗೆ ಒಂದು ಕ್ರಮಸಂಖ್ಯೆ, ಪಶು ಆಹಾರ ಮಾರಾಟದ ಗಣಕಯಂತ್ರದಲ್ಲಿ ಅದೇ ವ್ಯಕ್ತಿಗೆ ಇನ್ನೊಂದು ಸಂಖ್ಯೆ ಇದ್ದರೆ, ಆಹಾರದ ಬಾಕಿಯನ್ನು ಯಾರ ಬಟವಾಡೆಯಲ್ಲಿ ಮುರಿದುಕೊಳ್ಳುವುದು? ಹೆಸರನ್ನಷ್ಟೇ ನಂಬುವಂತಿಲ್ಲ, ಒಂದೇ ಊರಿನಲ್ಲಿ ಮೂರು ಜನ ನಾರಾಯಣಪ್ಪ ಇರುತ್ತಾರೆ. ಆಗ ನೆರವಿಗೆ ಬರುವುದು ಫೋನ್ ಸಂಖ್ಯೆ ಮತ್ತು ಇಮೇಲ್ ವಿಳಾಸ. ಆದರೆ ಮೊದಲು ಎರಡೂ ಪಟ್ಟಿಯಲ್ಲಿ ಅವುಗಳನ್ನು ಒಂದೇ ರೂಪಕ್ಕೆ ತರಬೇಕು.

ಮೊಬೈಲ್ ಸಂಖ್ಯೆ ಸುಲಭ. ನಡುವಿನ ಖಾಲಿ ಜಾಗ, ಅಡ್ಡಗೆರೆ, ಮುಂದಿನ +91 ಅಥವಾ 0 ತೆಗೆದು 10 ಅಂಕಿ ಉಳಿಸಿಕೊಂಡರಾಯಿತು. 2021ರ ಜನವರಿಯಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ 0 ಸೇರಿಸಿಯೇ ಕರೆ ಮಾಡಬೇಕಾಗಿರುವುದರಿಂದ ಕೆಲವರು 0 ಸಮೇತ ಬರೆಸಿರಬಹುದು.

ತೊಡಕಿರುವುದು ಸ್ಥಿರ ದೂರವಾಣಿಯಲ್ಲಿ. ಹಳೆಯ ಪುಸ್ತಕಗಳಲ್ಲಿ ಊರಿನ ಕೋಡ್ ಬಿಟ್ಟು ಆರೇ ಅಂಕಿ ಬರೆದಿರುತ್ತಾರೆ. ಚಿಂತಾಮಣಿಯ ಸದಸ್ಯರೊಬ್ಬರದು 234567, ಶಿಡ್ಲಘಟ್ಟದ ಒಬ್ಬರದೂ 234567 ಎಂದಿಟ್ಟುಕೊಳ್ಳಿ. ಪಟ್ಟಿಗಳನ್ನು ಹಾಗೆಯೇ ಕೂಡಿಸಿದರೆ ಚಿಂತಾಮಣಿಯವರು ಕೊಂಡ ಆಹಾರದ ಹಣ ಶಿಡ್ಲಘಟ್ಟದವರ ಬಟವಾಡೆಯಲ್ಲಿ ಕಡಿತವಾಗುತ್ತದೆ! ಆದುದರಿಂದ ಪಟ್ಟಿ ಕೂಡಿಸುವ ಮೊದಲೇ ವಿಳಾಸ ನೋಡಿ ಕೋಡ್ ಸೇರಿಸಿ: ಚಿಕ್ಕಬಳ್ಳಾಪುರಕ್ಕೆ 08156, ಗೌರಿಬಿದನೂರಿಗೆ 08155, ಚಿಂತಾಮಣಿಗೆ 08154, ಶಿಡ್ಲಘಟ್ಟಕ್ಕೆ 08158.

ಇಲ್ಲೊಂದು ಮೋಸವಿದೆ. ಎಕ್ಸೆಲ್‌ನಲ್ಲಿ ಸಂಖ್ಯೆಯೆಂದು ದಾಖಲಿಸಿದರೆ ಮುಂದಿನ 0 ಹಾರಿಹೋಗಿ 8154234567 ಉಳಿಯುತ್ತದೆ. ಸರಿಯಾಗಿ ಹತ್ತು ಅಂಕಿ, ಮೊದಲನೆಯದು 8, ನೋಡುವವರಿಗೆ ಮೊಬೈಲೇ! ಆದ್ದರಿಂದ ಆ ಅಂಕಣವನ್ನು ಅಕ್ಷರರೂಪದಲ್ಲಿಡಿ, ಸ್ಥಿರ ದೂರವಾಣಿಗೆ ಬೇರೆ ಅಂಕಣ ಮಾಡಿ.

ಇಮೇಲ್ ವಿಳಾಸವನ್ನು ಸಣ್ಣಕ್ಷರಕ್ಕೆ ತಂದು ತುದಿಯ ಖಾಲಿ ಜಾಗ ತೆಗೆಯಿರಿ. ಜಿಮೇಲ್ ವಿಳಾಸದಲ್ಲಿ @ ಗುರುತಿನ ಹಿಂದಿರುವ ಚುಕ್ಕೆಗಳಿಗೆ ಬೆಲೆಯಿಲ್ಲ, ಅವನ್ನು ತೆಗೆಯಬಹುದು. ಬೇರೆ ಕಂಪನಿಗಳ ವಿಳಾಸದಲ್ಲಿ ಮುಟ್ಟಬೇಡಿ.

ಇಷ್ಟಾದ ಮೇಲೂ ಸಂಖ್ಯೆ ಕೂಡಿತೆಂದರೆ ವ್ಯಕ್ತಿ ಒಬ್ಬರೇ ಎಂದಲ್ಲ. ಅಪ್ಪ, ಮಗ, ಸೊಸೆಗೆ ಒಂದೇ ಫೋನ್ ಇರಬಹುದು. ಅರ್ಜಿ ತುಂಬಿದ ಕಂಪ್ಯೂಟರ್ ಅಂಗಡಿಯವನ ಇಮೇಲೇ ಐವತ್ತು ಜನರ ಹೆಸರಿನ ಮುಂದೆ ಕೂತಿರಬಹುದು. ಪ್ರತಿ ಸಂಖ್ಯೆ, ಪ್ರತಿ ವಿಳಾಸ ಪಟ್ಟಿಯಲ್ಲಿ ಎಷ್ಟು ಸಲ ಬಂದಿದೆಯೆಂದು ಎಣಿಸಿ. ಎರಡೂ ಪಟ್ಟಿಯಲ್ಲಿ ಒಮ್ಮೆ ಮಾತ್ರ ಬಂದು, ಹೆಸರು ಮತ್ತು ತಂದೆ ಅಥವಾ ಗಂಡನ ಹೆಸರೂ ಹೊಂದಿದರೆ ಜೋಡಿಸಿ. ಉಳಿದವುಗಳ ಮುಂದೆ ಪೆನ್ಸಿಲ್ ಗುರುತು ಹಾಕಿ, ಬೆಳಿಗ್ಗೆ ಹಾಲು ಹಾಕಲು ಬಂದಾಗ ಅವರನ್ನೇ ಕೇಳಿ. ಕೇಳುವವರೆಗೆ ಹಣ ಕಡಿತ ಮಾಡಬೇಡಿ.