ಸಂದರ್ಶನದಲ್ಲಿ ಆಯ್ಕೆಯಾಗದಿದ್ದಾಗ: ಅನುಭವವನ್ನು ಬರೆದಿಡುವ ಕ್ರಮ

ಮಳೆಗಾಲವು ಹಿಂಜರಿದು ಪ್ರವಾಸಿಗಳ ಋತುವು ಸಮೀಪಿಸುತ್ತಿರುವಂತೆಯೇ, ಕಾರವಾರ, ಅಂಕೋಲೆಗಳ ಕಡೆಯ ತರುಣ ತರುಣಿಯರು ಕಾಳೀ ನದಿಯ ಸೇತುವೆಯನ್ನು ದಾಟಿ, ಪೊಳೆಂ ತಪಾಸಣಾ ನಾಕೆಯನ್ನು ಹಾದು, ಗೋವೆಯ ದಕ್ಷಿಣ ತುದಿಯ ತಾಲೂಕಾದ ಕಾಣಕೋಣಕ್ಕೆ ಕೆಲಸವನ್ನರಸಿ ಹೋಗುವುದುಂಟು. ಹೋದವರೆಲ್ಲರಿಗೂ ಕೆಲಸ ದೊರೆಯುವುದಿಲ್ಲ. ಬರಿಗೈಯಲ್ಲಿ ಹಿಂದಿರುಗಿದವನು ಮನೆಯಲ್ಲಿ ಹೇಳುವ ಮಾತುಗಳು ಸಾಮಾನ್ಯವಾಗಿ ಎರಡೇ: “ಅವರ ಕಡೆಯವರು ಮೊದಲೇ ಇದ್ದರು” ಎಂಬುದೊಂದು, “ನನ್ನ ಇಂಗ್ಲಿಷು ಸಾಲಲಿಲ್ಲ” ಎಂಬುದಿನ್ನೊಂದು. ಈ ಎರಡು ಮಾತುಗಳಲ್ಲಿ ಯಾವುದು ನಿಜವಾಗಿದ್ದರೂ, ತಾನು ಆ ಬಾಗಿಲನ್ನು ಹೊಕ್ಕಾಗ ಏನನ್ನು ಬಯಸಿ ಹೊಕ್ಕಿದ್ದೆನೆಂಬ ಸಂಗತಿ ಮಾತ್ರ ಎರಡರಲ್ಲಿಯೂ ಇರುವುದಿಲ್ಲ.

ಆದಕಾರಣ ಇಂತಹ ಅನುಭವವನ್ನು ಬರೆಯಹೊರಟವನು ಮೊದಲಿಗೇ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳತಕ್ಕದ್ದು. ಅವರು ನನ್ನನ್ನೇಕೆ ತೆಗೆದುಕೊಳ್ಳಲಿಲ್ಲ ಎಂಬುದು ಮೊದಲನೆಯದು. ಅದರ ಉತ್ತರ ಪರರ ಕೈಯಲ್ಲಿದೆ, ಬಹುಮಟ್ಟಿಗೆ ನಮಗೆ ತಿಳಿಯುವುದೂ ಇಲ್ಲ. ನಾನು ಏನನ್ನು ನಿರೀಕ್ಷಿಸಿದ್ದೆ ಎಂಬುದು ಎರಡನೆಯದು. ಅದರ ಸಾಕ್ಷ್ಯವೆಲ್ಲವೂ ನಮ್ಮಲ್ಲಿಯೇ ಇದೆ. ಬರೆವಣಿಗೆ ಎರಡನೆಯದರ ಮೇಲೆ ನಿಲ್ಲಬೇಕು. ಅದನ್ನು ಸಾಧಿಸುವ ಐದು ಹೆಜ್ಜೆಗಳನ್ನು ಒಂದೇ ಉದಾಹರಣೆಯ ಮೂಲಕ ಇಲ್ಲಿ ನಿರೂಪಿಸಿದೆ. ಮಾಜಾಳಿಯ ಮೀನುಗಾರರ ಮನೆಯ ತರುಣನೊಬ್ಬನು, ಬಿ.ಕಾಂ. ಮುಗಿಸಿದವನು, ಪಾಲೋಳೆಂ ಕಡಲತೀರದ ವಸತಿಗೃಹವೊಂದರಲ್ಲಿ ರಿಸೆಪ್ಷನ್ ಕೆಲಸದ ಸಂದರ್ಶನಕ್ಕೆ ಹೋಗಿ, ಆಯ್ಕೆಯಾಗದೆ ಬಂದನೆಂದು ಇಟ್ಟುಕೊಳ್ಳೋಣ.

1. ಅಂದಿನ ಸಂಜೆಯೇ ನಡೆದುದನ್ನು ಬರೆಯಿರಿ

ಸಂದರ್ಶನ ಮುಗಿದ ದಿನವೇ, ಫಲಿತಾಂಶ ಬರುವುದಕ್ಕೆ ಮುನ್ನ, ಕೇಳಿದ ಪ್ರಶ್ನೆಗಳನ್ನೂ ಕೊಟ್ಟ ಉತ್ತರಗಳನ್ನೂ ನಡೆದ ಕ್ರಮದಲ್ಲಿಯೇ ಬರೆದಿಡಿ. “ಚೆನ್ನಾಗಿ ಹೇಳಿದೆ”, “ಅವರಿಗೆ ಹಿಡಿಸಲಿಲ್ಲ” ಎಂಬಂತಹ ತೀರ್ಪುಗಳು ಬೇಡ. ಎಷ್ಟು ಮಂದಿ ಕುಳಿತಿದ್ದರು, ಮೊದಲು ಮಾತನಾಡಿಸಿದವರಾರು, ಯಾವ ಉತ್ತರದ ಬಳಿಕ ಅವರು ಕಾಗದವನ್ನು ಮಡಿಸಿಟ್ಟರು ಎಂಬಷ್ಟು ಸಾಕು. ಕಡೆಯಲ್ಲಿ ಒಂದು ಸಾಲು ಮಾತ್ರ ನಿಮ್ಮ ಅಂದಾಜಿಗಿರಲಿ: ಕೆಲಸ ಸಿಗುವ ಸಂಭವ ನೂರಕ್ಕೆ ಎಷ್ಟು?

ಈ ಅವಸರಕ್ಕೆ ಕಾರಣವಿದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ದೇಶಕ್ಕೂ ಹೋಗುವ ಮೊದಲು, ಅಲ್ಲಿ ಏನೇನು ನಡೆದೀತೆಂಬುದನ್ನು ಕೆಲವರಿಂದ ಅಂದಾಜು ಮಾಡಿಸಿ, ಪ್ರವಾಸ ಮುಗಿದ ಮೇಲೆ ಅವರವರ ಅಂದಾಜನ್ನು ಅವರಿಂದಲೇ ನೆನಪಿನಿಂದ ಹೇಳಿಸಿದ ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಡೆದೇಹೋದ ಘಟನೆಗಳನ್ನು ಜನರು ತಾವು ಹಿಂದೆ ಎಣಿಸಿದ್ದಕ್ಕಿಂತ ಹೆಚ್ಚು ಖಚಿತವಾಗಿ ಎಣಿಸಿದ್ದೆವೆಂದು ಸ್ಮರಿಸಿಕೊಳ್ಳುತ್ತಿದ್ದರು. ಫಲವನ್ನು ಕಂಡ ಮನಸ್ಸು ತನ್ನ ಹಳೆಯ ನಿರೀಕ್ಷೆಯನ್ನು ತಾನರಿಯದೆಯೇ ತಿದ್ದಿಕೊಳ್ಳುತ್ತದೆ. “ಆಗುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು” ಎಂಬ ವಾಕ್ಯವು ನಿಮ್ಮ ಬರೆಹದಲ್ಲಿ ಕಾಣಿಸಿಕೊಂಡರೆ, ಈ ತಿದ್ದುಪಡಿ ಆಗಲೇ ನಡೆದಿದೆಯೆಂದು ತಿಳಿಯಬೇಕು.

2. ನಿರೀಕ್ಷೆಯನ್ನು ಕೃತ್ಯಗಳಿಂದ ಅಳೆಯಿರಿ

ಫಲಿತಾಂಶ ಬಂದು ತಿಂಗಳು ಕಳೆದಿದ್ದರೆ ನೆನಪನ್ನು ನಂಬಲಾಗದು; ಆದರೆ ನಾವು ಮಾಡಿದ ಕೆಲಸಗಳು ನೆನಪಿನಂತೆ ಬದಲಾಗುವುದಿಲ್ಲ. ಸಂದರ್ಶನದ ಹಿಂದಿನ ಹದಿನೈದು ದಿನಗಳಲ್ಲಿ ಆ ಕೆಲಸಕ್ಕಾಗಿ ಏನನ್ನು ಕೊಂಡಿರಿ, ಯಾರಿಗೆ ಏನೆಂದು ಹೇಳಿದಿರಿ, ಯಾವುದನ್ನು ಬಿಟ್ಟುಕೊಟ್ಟಿರಿ ಎಂಬುದನ್ನು ಪುಟದ ಎಡಬದಿಯಲ್ಲಿ ಬರೆಯಿರಿ. ಪ್ರತಿಯೊಂದರೆದುರಿಗೆ ಬಲಬದಿಯಲ್ಲಿ, ಇದನ್ನು ಮಾಡಬೇಕಾದರೆ ನಾನು ಏನನ್ನು ನಂಬಿರಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.

ನಮ್ಮ ತರುಣನು ಕಾಣಕೋಣದ ಚಾವಡಿ ಪೇಟೆಯಲ್ಲಿ ಬಾಡಿಗೆ ಕೋಣೆಯನ್ನು ವಿಚಾರಿಸಿ, ಒಂದು ವರ್ಷದ ಕರಾರಿಗೆ ಎಷ್ಟು ಮುಂಗಡವೆಂದು ಕೇಳಿ ಬಂದಿದ್ದನು. ಬೋಟಿನ ಯಜಮಾನರಿಗೆ “ಇನ್ನು ನನ್ನನ್ನು ಎಣಿಸಬೇಡಿ” ಎಂದು ಹೇಳಿಬಿಟ್ಟಿದ್ದನು. ಕರಿಯ ಬೂಟುಗಳನ್ನು ಕೊಂಡಿದ್ದನು. ಬೂಟುಗಳ ಎದುರಿಗೆ ಬರುವ ವಾಕ್ಯ ಸಾಧಾರಣವಾದದ್ದು: “ವೇಷವನ್ನು ನೋಡುತ್ತಾರೆಂದು ನಂಬಿದ್ದೆ.” ಆದರೆ ಮೊದಲಿನ ಎರಡರ ಎದುರಿಗೆ ಅವನು ಬರೆಯಬೇಕಾದುದು ಬೇರೊಂದು ಬಗೆಯದು: “ಈ ಕೆಲಸ ಹನ್ನೆರಡು ತಿಂಗಳೂ ಇರುತ್ತದೆಂದು ನಂಬಿದ್ದೆ, ಕಡಲಿಗೆ ಮತ್ತೆ ಇಳಿಯಬೇಕಾಗಿಲ್ಲವೆಂದು ನಂಬಿದ್ದೆ.” ಅರ್ಜಿಯಲ್ಲಿ ಇದಾವುದನ್ನೂ ಅವನು ಬರೆದಿರಲಿಲ್ಲ.

3. ನಿರೀಕ್ಷೆಯೂ ಕೆಲಸವೂ ಡಿಕ್ಕಿ ಹೊಡೆದ ಪ್ರಶ್ನೆಯನ್ನು ಹುಡುಕಿ

ಮೊದಲ ಹೆಜ್ಜೆಯ ಟಿಪ್ಪಣಿಯನ್ನೂ ಎರಡನೆಯದನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ, ಯಾವುದೋ ಒಂದು ಪ್ರಶ್ನೆಯ ಬಳಿ ಎರಡೂ ಸಂಧಿಸುವುದು ಕಾಣುತ್ತದೆ. ಇಲ್ಲಿ ಆ ಪ್ರಶ್ನೆ ಹೀಗಿತ್ತು: “ಜೂನಿನಲ್ಲಿ ಏನು ಮಾಡುತ್ತೀರಿ?” ಅವನು ಕ್ಷಣವೂ ಯೋಚಿಸದೆ “ಇಲ್ಲೇ ಇರುತ್ತೇನೆ ಸರ್” ಎಂದನು. ಎದುರಿಗಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡು, ಊಟ ವಸತಿಗಳ ವಿಷಯಕ್ಕೆ ಮಾತು ತಿರುಗಿಸಿದರು.

ಪಾಲೋಳೆಂ, ಆಗೊಂದ ತೀರಗಳಲ್ಲಿರುವ ಮರದ, ಬಿದಿರಿನ ಕುಟೀರಗಳು ತಾತ್ಕಾಲಿಕ ಅನುಮತಿಯ ಮೇಲೆ ಎದ್ದವು. ಮಳೆಗೆ ಮುಂಚೆ ಅವುಗಳನ್ನು ಕಳಚಿಟ್ಟು, ಮಳೆಯ ಬಳಿಕ ಮತ್ತೆ ಕಟ್ಟುತ್ತಾರೆ. ಅಲ್ಲಿನ ಉದ್ಯೋಗವೂ ಬಹುಮಟ್ಟಿಗೆ ಅಕ್ಟೋಬರಿನಿಂದ ಮೇ ತಿಂಗಳವರೆಗಿನದು. ಇತ್ತ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮಳೆಗಾಲವೆಂದರೆ ಆದಾಯವಿಲ್ಲದ ಕಾಲವೆಂಬುದನ್ನು ಈ ತರುಣನು ಬಾಲ್ಯದಿಂದಲೂ ಬಲ್ಲನು. ಕಡಲಿಗೆ ಋತುವುಂಟೆಂದು ಬಲ್ಲವನು, ಕಡಲತೀರದ ಸಂಬಳಕ್ಕೂ ಋತುವಿದ್ದೀತೆಂದು ಎಣಿಸಲೇ ಇಲ್ಲ. ಅವನು ಅರಸಿದ್ದು ರಿಸೆಪ್ಷನ್ ಮೇಜನ್ನಲ್ಲ, ಮಳೆಗಾಲವಿಲ್ಲದ ಒಂದು ಕೆಲಸವನ್ನು. ಅವನು ಹೋಗಿ ನಿಂತದ್ದು ಮಾತ್ರ ಮಳೆಯೊಡನೆ ಮುಚ್ಚುವ ಬಾಗಿಲಿನೆದುರಿಗೆ.

ಇಂತಹ ಪ್ರಶ್ನೆ ಟಿಪ್ಪಣಿಯಲ್ಲಿ ಸಿಗದಿದ್ದರೆ, ನೀವು ಉತ್ತರಿಸಲು ಯೋಚನೆಯನ್ನೇ ಮಾಡದ ಪ್ರಶ್ನೆಗಳನ್ನು ಮತ್ತೆ ನೋಡಿ. ತಡವರಿಸಿದ ಪ್ರಶ್ನೆ ನಮ್ಮ ಅಜ್ಞಾನವನ್ನು ತೋರಿಸುತ್ತದೆ. ತಟ್ಟನೆ ಉತ್ತರಿಸಿದ್ದು ನಾವು ಪರೀಕ್ಷಿಸದೆ ಒಪ್ಪಿಕೊಂಡಿರುವುದನ್ನು ತೋರಿಸುತ್ತದೆ.

4. ಕೇಳಿದ್ದು, ಊಹಿಸಿದ್ದು, ಕಲ್ಪಿಸಿದ್ದು

ಇಷ್ಟಾದ ಮೇಲೆ “ಈ ಉತ್ತರದಿಂದಲೇ ಕೆಲಸ ತಪ್ಪಿತು” ಎಂದು ಬರೆಯುವ ಆಸೆ ಬಲವಾಗುವುದು ಸಹಜ. ಅಲ್ಲಿ ನಿಲ್ಲಬೇಕು. ಬರೆದ ಪ್ರತಿ ಕಾರಣದ ಅಂಚಿಗೂ “ಕೇಳಿದ್ದು”, “ಊಹಿಸಿದ್ದು”, “ಕಲ್ಪಿಸಿದ್ದು” ಎಂಬ ಮೂರರಲ್ಲೊಂದು ಗುರುತನ್ನು ಹಾಕಿ. ಅವರೇ ಬಾಯಿಬಿಟ್ಟು ಹೇಳಿದ್ದು ಮೊದಲನೆಯದು. ಕಣ್ಣಾರೆ ಕಂಡುದರಿಂದ ತೀರ್ಮಾನಿಸಿದ್ದು ಎರಡನೆಯದು. ಯಾವ ಆಧಾರವೂ ಇಲ್ಲದೆ ಮನಸ್ಸು ಹೆಣೆದದ್ದು ಮೂರನೆಯದು. ಜೂನಿನ ಪ್ರಶ್ನೆಯ ಬಗೆಗಿನ ತೀರ್ಮಾನ ಎರಡನೆಯ ಗುಂಪಿಗೆ ಸೇರಿದುದೇ ಹೊರತು ಮೊದಲನೆಯದಕ್ಕಲ್ಲ. “ಅವರ ಕಡೆಯವರಿದ್ದರು” ಎಂಬುದು, ಯಾರೂ ಹೇಳದಿದ್ದ ಪಕ್ಷದಲ್ಲಿ, ಮೂರನೆಯದಕ್ಕೆ. ಸರಕಾರಿ ಹುದ್ದೆಯಾಗಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ನಿಮ್ಮ ಅಂಕಗಳನ್ನು ಕೇಳಿ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಖಾಸಗಿ ವಸತಿಗೃಹಕ್ಕೆ ಆ ಬಂಧನವಿಲ್ಲ. ಅಲ್ಲಿ ಸೌಜನ್ಯದಿಂದ ಒಮ್ಮೆ ವಿಚಾರಿಸಿ, ಉತ್ತರ ಬಾರದಿದ್ದರೆ ಆ ಜಾಗವನ್ನು ಖಾಲಿಯಾಗಿಯೇ ಬಿಡಿ.

ಈ ವಿವೇಕಕ್ಕೆ ಮಾದರಿಯಾಗಿ ಅಬ್ದುಲ್ ಕಲಾಮರ ‘ವಿಂಗ್ಸ್ ಆಫ್ ಫೈರ್’ ಆತ್ಮಕಥೆಯನ್ನು ನೋಡಬಹುದು. ವಿಮಾನ ಚಾಲಕನಾಗಬೇಕೆಂದು ಬಯಸಿ ಡೆಹರಾಡೂನಿನ ವಾಯುಸೇನಾ ಆಯ್ಕೆ ಮಂಡಳಿಯ ಮುಂದೆ ಹೋದ ಅವರು, ಎಂಟು ಸ್ಥಾನಗಳಿಗೆ ಬಂದಿದ್ದ 25 ಮಂದಿಯಲ್ಲಿ ಒಂಬತ್ತನೆಯವರಾಗಿ ಉಳಿದುದನ್ನು ಅಲ್ಲಿ ಬರೆದಿದ್ದಾರೆ. ಮಂಡಳಿಯವರು ಬುದ್ಧಿಗಿಂತ ವ್ಯಕ್ತಿತ್ವಕ್ಕೆ ಹೆಚ್ಚಿನ ಮಹತ್ತ್ವ ಕೊಟ್ಟಂತೆ ತಮಗೆ ತೋರಿತೆನ್ನುತ್ತಾರೆ. ದೇಹದಾರ್ಢ್ಯವನ್ನೂ ಮಾತಿನ ಚಾತುರ್ಯವನ್ನೂ ನೋಡುತ್ತಿದ್ದಿರಬಹುದೆಂದು ಊಹೆಯನ್ನು ಊಹೆಯಾಗಿಯೇ ಇಡುತ್ತಾರೆ. ಅಂಕೆಗಳು ನಿಶ್ಚಿತವಾಗಿವೆ, ಕಾರಣ ಅನಿಶ್ಚಿತವಾಗಿದೆ. ಎರಡನ್ನೂ ಅವರು ಬೆರೆಸಿಲ್ಲ.

5. ಎರಡು ಪುಟಗಳಲ್ಲಿ ಬರೆಹವನ್ನು ಕೂಡಿಸಿ

ಈಗ ಬರೆಯಲು ಕುಳಿತುಕೊಳ್ಳಿ. ಮುಂಜಾನೆ ಕದಂಬ ಬಸ್ಸು ಹತ್ತಿದುದರಿಂದಾರಂಭಿಸುವುದು ಬೇಡ. ಮೂರನೆಯ ಹೆಜ್ಜೆಯಲ್ಲಿ ದೊರೆತ ಪ್ರಶ್ನೆಯಿಂದಲೇ ಆರಂಭಿಸಿ. ಬಳಿಕ ಆ ಉತ್ತರದ ಹಿಂದಿದ್ದ ನಂಬಿಕೆ, ಆ ನಂಬಿಕೆ ಎಲ್ಲಿಂದ ಬಂದಿತೆಂಬ ವಿಚಾರ, ಕಡೆಗೆ ಆ ಕೆಲಸದ ವಾಸ್ತವ ಸ್ವರೂಪ, ಇಷ್ಟೂ ಈ ಕ್ರಮದಲ್ಲಿ ಬರಲಿ. ನಮ್ಮ ತರುಣನ ಆರಂಭ ಹೀಗಿರಬಹುದು: “ಜೂನಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಇಲ್ಲೇ ಇರುತ್ತೇನೆ ಎಂದೆ. ಆ ಊರಿನಲ್ಲಿ ಜೂನಿನಲ್ಲಿ ಏನೇನು ಇರುತ್ತದೆಂದು ನಾನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಜೂನ್ ಎಂದರೆ ಸಾಲ ತರುವ ತಿಂಗಳು. ಅದನ್ನು ತಪ್ಪಿಸಿಕೊಳ್ಳಲೆಂದೇ ಹೋಗಿದ್ದೆ.”

ಒಂದೇ ಸಂಜೆಗೆ ಮುಗಿಸುವ ಹಟವೂ ಬೇಡ. ಕೆಲಸ ಕಳೆದುಕೊಂಡ ವೃತ್ತಿನಿಪುಣರಿಂದ ಐದು ದಿನಗಳ ಕಾಲ ದಿನಕ್ಕೆ 20 ನಿಮಿಷದಂತೆ ತಮ್ಮ ಅನುಭವವನ್ನು ಬರೆಯಿಸಿದ ಸ್ಪೆರಾ, ಬ್ಯೂರ್‌ಫೈಂಡ್, ಪೆನ್ನೆಬೇಕರ್ ಎಂಬ ಸಂಶೋಧಕರ 1994ರ ಅಧ್ಯಯನದಲ್ಲಿ, ಹಾಗೆ ಬರೆದವರು ಬರೆಯದವರಿಗಿಂತ ಬೇಗ ಹೊಸ ಕೆಲಸವನ್ನು ಪಡೆದರು. ಅವರ ಹುಡುಕಾಟದ ಹುರುಪು ಹೆಚ್ಚಿತೆಂಬುದಕ್ಕಿಂತ, ಹಳೆಯ ಕೆಲಸವನ್ನೂ ಹೊಸದನ್ನೂ ಅವರು ನೋಡುವ ಬಗೆ ಬದಲಾಯಿತೆಂಬುದೇ ಸಂಶೋಧಕರು ಕಂಡ ವಿವರಣೆ. ಅದು ಇದ್ದ ಕೆಲಸ ಹೋದವರ ಕುರಿತಾದುದು, ಸಂದರ್ಶನದಲ್ಲಿ ಸೋತವರ ಕುರಿತಾದುದಲ್ಲ ಎಂಬ ಮಿತಿಯನ್ನು ಮರೆಯದೆ, ಅದರ ಕಾಲಪ್ರಮಾಣವನ್ನಷ್ಟೇ ನಾವು ಎರವಲು ಪಡೆಯಬಹುದು.

ಬರೆದುದು ದಾರಿ ತಪ್ಪಿದೆಯೇ ಎಂದರಿಯಲು ಎರಡು ಲಕ್ಷಣಗಳಿವೆ. ಸಂದರ್ಶಕರನ್ನು ಕುರಿತ ವಿಶೇಷಣಗಳು ಪುಟದಿಂದ ಪುಟಕ್ಕೆ ಹೆಚ್ಚುತ್ತಿದ್ದರೆ, ನೀವು ಮೊದಲನೆಯ ಪ್ರಶ್ನೆಗೆ ಹಿಂದಿರುಗಿದ್ದೀರಿ. “ಎಲ್ಲಾ ಒಳ್ಳೆಯದಕ್ಕೇ ಆಯಿತು” ಎಂಬ ವಾಕ್ಯ ಮೊದಲ ಪುಟದಲ್ಲಿಯೇ ಬಂದಿದ್ದರೆ, ಹುಡುಕುವ ಮೊದಲೇ ಹುಡುಕುವುದನ್ನು ನಿಲ್ಲಿಸಿದ್ದೀರಿ. ಪರೀಕ್ಷೆಗಾಗಿ ಬರೆಹದಲ್ಲಿನ ಕೆಲಸದ ಹೆಸರನ್ನು ತೆಗೆದು ಬೇರೊಂದು ಕೆಲಸದ ಹೆಸರನ್ನು ಹಾಕಿ ಓದಿ. ಆಗಲೂ ಎಲ್ಲವೂ ಸರಿಹೊಂದಿದರೆ, ನಿಮ್ಮ ನಿರೀಕ್ಷೆ ಇನ್ನೂ ಕಾಗದಕ್ಕೆ ಇಳಿದಿಲ್ಲ. ಎರಡನೆಯ ಹೆಜ್ಜೆಯಿಂದ ಮತ್ತೆ ಆರಂಭಿಸಿ.

ಮುಂದಿನ ಸಂದರ್ಶನಕ್ಕೆ ಹೊರಡುವ ಹಿಂದಿನ ರಾತ್ರಿ ಇದೇ ಪುಸ್ತಕವನ್ನು ತೆರೆದು, ಈ ಕೆಲಸದಿಂದ ನಾನು ಬಯಸುವುದೇನು, ಅದು ಇಲ್ಲಿದೆಯೆಂದು ನನಗೆ ಹೇಳಿದವರಾರು ಎಂಬ ಎರಡಕ್ಕೆ ಉತ್ತರ ಬರೆಯಿರಿ. ಎರಡನೆಯದರ ಎದುರಿಗೆ ಯಾರ ಹೆಸರೂ ಬಾರದಿದ್ದರೆ, ಆ ವಿಷಯವನ್ನು ಸಂದರ್ಶಕರನ್ನೇ ಕೇಳಿ: “ಈ ಕೆಲಸ ಮಳೆಗಾಲದಲ್ಲಿಯೂ ಇರುತ್ತದೆಯೇ?” ಕೇಳುವುದರಿಂದ ಕೆಲಸ ತಪ್ಪುವ ಭಯವಿರಬಹುದು, ಕೇಳದೆ ಸೇರಿದರೆ ಉತ್ತರವು ಜೂನಿನಲ್ಲಿ ತಾನಾಗಿಯೇ ಬರುತ್ತದೆ.