ಆರು ವಿಷಯ ಬರೆದವರ ‘ಬೆಸ್ಟ್ ಫೈವ್’: ಯಾವ ಐದು?

ಕಳೆದ ಸಾಲಿನ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿ ನಾವು ಹೀಗೊಂದು ಷರತ್ತು ಹಾಕಿದ್ದೆವು: ‘ದ್ವಿತೀಯ ಪಿಯುಸಿ ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಕನಿಷ್ಠ ಶೇ. 75 ಅಂಕ ಪಡೆದಿರಬೇಕು.’ ಬರೆಯುವಾಗ ಅದರಲ್ಲಿ ಗೊಂದಲವೇನೂ ಕಾಣಲಿಲ್ಲ. ಅರ್ಜಿಗಳ ಪರಿಶೀಲನೆಯೂ ಮುಗಿದು, ಮಂಜೂರಾತಿ ಪಟ್ಟಿ ಸೂಚನಾ ಫಲಕಕ್ಕೆ ಬಂದ ಮೇಲೆ ಒಬ್ಬ ತಂದೆ ತಮ್ಮ ಮಗಳ ಅಂಕಪಟ್ಟಿ ಹಿಡಿದು ಕಚೇರಿಗೆ ಬಂದರು. “ನನ್ನ ಮಗಳಿಗಿಂತ ಗಣಿತದಲ್ಲೂ ಭೌತಶಾಸ್ತ್ರದಲ್ಲೂ ಕಡಿಮೆ ತೆಗೆದ ಹುಡುಗನಿಗೆ ಸಿಕ್ಕಿದೆ, ಇವಳಿಗೆ ಯಾಕಿಲ್ಲ?” ಎಂದು ಕೇಳಿದರು. ಎರಡು ಅರ್ಜಿಗಳನ್ನೂ ಮತ್ತೆ ತೆಗೆದು ನೋಡಿದಾಗ ತಪ್ಪು ನಮ್ಮದೇ ಎಂದು ಗೊತ್ತಾಯಿತು.

ಆ ವಿದ್ಯಾರ್ಥಿನಿ ರಾಜ್ಯ ಪಠ್ಯಕ್ರಮದ ಪಿಯುಸಿ ವಿಜ್ಞಾನ ವಿಭಾಗದವಳು. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಅವಳಿಗೆ ಉರ್ದುವಿನಲ್ಲಿ 92, ಇಂಗ್ಲಿಷಿನಲ್ಲಿ 61, ಭೌತಶಾಸ್ತ್ರದಲ್ಲಿ 70, ರಸಾಯನಶಾಸ್ತ್ರದಲ್ಲಿ 66, ಗಣಿತದಲ್ಲಿ 72, ಜೀವಶಾಸ್ತ್ರದಲ್ಲಿ 83. ಒಟ್ಟು 444, ಅಂದರೆ ಶೇ. 74. ಒಂದು ಶೇಕಡಾ ಕಡಿಮೆಯಾಯಿತೆಂದು ಅರ್ಜಿಯನ್ನು ಬದಿಗಿಟ್ಟಿದ್ದೆವು.

ಹುಡುಗ ಸಿ.ಬಿ.ಎಸ್.ಇ. ಶಾಲೆಯವನು. ಅಲ್ಲಿ ಐದು ಮುಖ್ಯ ವಿಷಯಗಳ ಜೊತೆಗೆ ಬೇಕಿದ್ದವರು ಆರನೆಯದನ್ನು ಹೆಚ್ಚುವರಿಯಾಗಿ ತೆಗೆದುಕೊಳ್ಳಬಹುದು. ಇವನ ಅಂಕಗಳು: ಇಂಗ್ಲಿಷ್ 82, ಭೌತಶಾಸ್ತ್ರ 58, ರಸಾಯನಶಾಸ್ತ್ರ 64, ಗಣಿತ 61, ಕಂಪ್ಯೂಟರ್ ವಿಜ್ಞಾನ 79, ಹೆಚ್ಚುವರಿಯಾಗಿ ದೈಹಿಕ ಶಿಕ್ಷಣ 95. ಅತಿ ಕಡಿಮೆ ಬಂದ ಭೌತಶಾಸ್ತ್ರವನ್ನು ಬಿಟ್ಟು ಉಳಿದ ಐದನ್ನು ಕೂಡಿಸಿ 381, ಶೇ. 76.2 ಎಂದು ಅರ್ಜಿಯಲ್ಲಿ ಬರೆದಿದ್ದ. ಅದನ್ನು ನಾವು ಹಾಗೆಯೇ ಒಪ್ಪಿಕೊಂಡಿದ್ದೆವು. ಒಬ್ಬಳಿಗೆ ಆರರ ಲೆಕ್ಕ, ಇನ್ನೊಬ್ಬನಿಗೆ ಐದರ ಲೆಕ್ಕ. ಕೇಳಿದ್ದು ಮಾತ್ರ ಇಬ್ಬರಿಗೂ ಒಂದೇ 75.

ಹುಡುಗ ಸುಳ್ಳು ಬರೆದಿರಲಿಲ್ಲ. ಸಿ.ಬಿ.ಎಸ್.ಇ. ಮಂಡಳಿಯು ಒಟ್ಟು ಶೇಕಡಾವಾರನ್ನೂ ದರ್ಜೆಯನ್ನೂ ಕೊಡುವುದಿಲ್ಲ. ಐದಕ್ಕಿಂತ ಹೆಚ್ಚು ವಿಷಯ ಬರೆದವರ ಅತ್ಯುತ್ತಮ ಐದು ಯಾವುವು ಎಂಬುದನ್ನು ಪ್ರವೇಶ ಕೊಡುವ ಸಂಸ್ಥೆ ಅಥವಾ ಕೆಲಸ ಕೊಡುವವರು ತೀರ್ಮಾನಿಸಬಹುದು ಎಂದು ಅದರ ನಿಯಮವೇ ಹೇಳುತ್ತದೆ. ಹಾಗಾಗಿ ‘ಬೆಸ್ಟ್ ಫೈವ್’ ಎಂಬುದು ಅಂಕಪಟ್ಟಿಯಲ್ಲಿ ಸಿದ್ಧವಾಗಿ ಸಿಗುವ ಸಂಖ್ಯೆಯಲ್ಲ, ಕೇಳುವವರು ಹೇಳಬೇಕಾದ ಸಂಖ್ಯೆ. ನಾವು ಕೇಳಿದ್ದೆವು, ಯಾವ ಐದು ಎಂದು ಹೇಳಿರಲಿಲ್ಲ.

ಆರರಿಂದ ಐದಕ್ಕೆ ಬಂದಾಗ ಎಷ್ಟು ಏರುತ್ತದೆ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಆರು ವಿಷಯಗಳ ಸರಾಸರಿಯಿಂದ ಅತಿ ಕಡಿಮೆ ಅಂಕವನ್ನು ಕಳೆದು ಐದರಿಂದ ಭಾಗಿಸಿ. ನಮ್ಮ ವಿದ್ಯಾರ್ಥಿನಿಗೆ 74ರಲ್ಲಿ 61 ಹೋದರೆ 13; ಐದರಿಂದ ಭಾಗಿಸಿದರೆ 2.6. ಅವಳ ಬೆಸ್ಟ್ ಫೈವ್ ಶೇ. 76.6. ಎಲ್ಲ ವಿಷಯದಲ್ಲೂ ಸಮನಾಗಿ ಅಂಕ ತೆಗೆದವರಿಗೆ ಈ ಲೆಕ್ಕದಿಂದ ಹೆಚ್ಚೇನೂ ಸಿಗದು. ಒಂದೇ ವಿಷಯದಲ್ಲಿ ಎಡವಿದವರಿಗೆ ಬಹಳ ಸಿಗುತ್ತದೆ. ಎಡವಿದ ವಿಷಯ ಯಾವುದು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿ. ಎಂಜಿನಿಯರಿಂಗ್ ಸೇರುವವನ ಲೆಕ್ಕದಿಂದ ಭೌತಶಾಸ್ತ್ರವನ್ನೇ ಕೈಬಿಟ್ಟು, ಆ ಜಾಗಕ್ಕೆ ದೈಹಿಕ ಶಿಕ್ಷಣವನ್ನು ತರುವುದು ಸರಿಯೇ?

ಐ.ಐ.ಟಿ.ಗಳ ಪ್ರವೇಶ ನಿಯಮ ಇದನ್ನು ಸ್ಪಷ್ಟವಾಗಿ ಬಿಡಿಸಿದೆ. ಅಲ್ಲಿ ಐದು ವಿಷಯಗಳೆಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಒಂದು ಭಾಷೆ, ಮತ್ತು ಈ ನಾಲ್ಕನ್ನು ಬಿಟ್ಟು ಇನ್ನೊಂದು. ಎರಡು ಭಾಷೆ ಓದಿದ್ದರೆ ಹೆಚ್ಚು ಅಂಕ ಬಂದದ್ದು, ಐದನೆಯದಕ್ಕೂ ಹೆಚ್ಚು ಅಂಕ ಬಂದದ್ದು. ಮೊದಲ ಮೂರನ್ನು ಬಿಡುವಂತಿಲ್ಲ. ಈ ಐದರಲ್ಲಿ ಶೇ. 75 ಇರಬೇಕು (ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲರಿಗೆ 65), ಇಲ್ಲವೇ ತಮ್ಮ ಮಂಡಳಿಯ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಬಂದಿರಬೇಕು.

ಇದೇ ಅಳತೆಯಲ್ಲಿ ಇಬ್ಬರನ್ನೂ ನೋಡೋಣ. ವಿದ್ಯಾರ್ಥಿನಿಯ ಮೂರು ಮುಖ್ಯ ವಿಷಯಗಳಿಗೆ 208, ಉರ್ದು 92, ಜೀವಶಾಸ್ತ್ರ 83. ಒಟ್ಟು 383, ಶೇ. 76.6. ಹುಡುಗನ ಮೂರು ವಿಷಯಗಳಿಗೆ 183, ಇಂಗ್ಲಿಷ್ 82, ದೈಹಿಕ ಶಿಕ್ಷಣ 95. ಒಟ್ಟು 360, ಶೇ. 72. ನಾವು ಕೊಟ್ಟ ತೀರ್ಪು ತಲೆಕೆಳಗಾಗಿತ್ತು. ಹುಡುಗನಿಗೆ ಮಂಜೂರಾದದ್ದನ್ನು ಹಿಂದಕ್ಕೆ ಪಡೆಯಲಿಲ್ಲ, ಏಕೆಂದರೆ ತಪ್ಪು ಅವನದಲ್ಲ. ವಿದ್ಯಾರ್ಥಿನಿಯ ಅರ್ಜಿಯನ್ನು ಸಮಿತಿಯ ಮುಂದಿನ ಸಭೆಯಲ್ಲಿ ಮಂಜೂರು ಮಾಡಿದೆವು. ಆದರೆ ಅಷ್ಟರಲ್ಲಿ ಕಾಲೇಜಿನ ಮೊದಲ ಕಂತನ್ನು ಆ ಮನೆಯವರು ಸಾಲ ಮಾಡಿ ಕಟ್ಟಿಯಾಗಿತ್ತು.

ಒಂದು ಕಡೆ ನಡೆದ ಲೆಕ್ಕ ಎಲ್ಲ ಕಡೆಯೂ ನಡೆಯುತ್ತದೆ ಎಂದುಕೊಳ್ಳಬೇಡಿ. ನಮ್ಮ ರಾಜ್ಯದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನಷ್ಟೇ ಸಿಇಟಿ ಅಂಕಗಳ ಜೊತೆ ಅರ್ಧಕ್ಕರ್ಧ ಸೇರಿಸುತ್ತಾರೆ. ಅಲ್ಲಿ ಉರ್ದುವಿನ 92 ಲೆಕ್ಕಕ್ಕಿಲ್ಲ. ಅವಳದು 300ಕ್ಕೆ 208 ಮಾತ್ರ, ಶೇ. 69.33.

ಎಸ್ಸೆಸ್ಸೆಲ್ಸಿ ಅರ್ಜಿಗಳಲ್ಲಿ ಬೇರೊಂದು ಎಡವಟ್ಟು ಪ್ರತಿ ವರ್ಷ ಕಾಣುತ್ತೇವೆ. ಅಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಒಟ್ಟು 625. ಒಬ್ಬ ವಿದ್ಯಾರ್ಥಿಗೆ ಪ್ರಥಮ ಭಾಷೆಯಲ್ಲಿ 98, ಉಳಿದವುಗಳಲ್ಲಿ 84, 81, 86, 80, 83 ಬಂದಿದೆ ಎನ್ನಿ. 98 ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದರಿಂದ ಅದನ್ನು ಇಟ್ಟುಕೊಂಡು 80ನ್ನು ಬಿಟ್ಟು, 432 ಅಂಕವನ್ನು 500ಕ್ಕೆ ಎಂದು ಹಿಡಿದು ಶೇ. 86.4 ಎಂದು ಬರೆಯುತ್ತಾರೆ. 125ಕ್ಕೆ 98 ಎಂದರೆ ನೂರಕ್ಕೆ 78.4. ಆರರಲ್ಲಿ ಅದೇ ಅತಿ ಕಡಿಮೆ! ಮೊದಲು ಎಲ್ಲವನ್ನೂ ನೂರಕ್ಕೆ ತಂದು, ಆಮೇಲೆ ಕಡಿಮೆಯದನ್ನು ಬಿಡಬೇಕು. ಆಗ ಉಳಿದ ಐದರ ಮೊತ್ತ 414, ಶೇ. 82.8. ಮಿತಿ 85 ಇರುವ ಕಡೆ ಈ ವಿದ್ಯಾರ್ಥಿ ಅರ್ಹನೆಂದು ನಂಬಿಕೊಂಡು ಬೇರೆ ಕಡೆ ಅರ್ಜಿ ಹಾಕದೆ ಕುಳಿತರೆ ಆ ವರ್ಷದ ನೆರವು ಕೈತಪ್ಪಿದಂತೆಯೇ.

ಈ ಸಾಲಿನಿಂದ ನಮ್ಮ ಪಿಯುಸಿ ಹಂತದ ನಿಯಮ ಹೀಗಿದೆ. ಎಂಜಿನಿಯರಿಂಗ್ ಅರ್ಜಿದಾರರಿಗೆ ಮೇಲೆ ಹೇಳಿದ ಐ.ಐ.ಟಿ. ಮಾದರಿಯ ಐದು ವಿಷಯ. ಕಲೆ ಮತ್ತು ವಾಣಿಜ್ಯ ವಿಭಾಗದವರಿಗೆ ಹೆಚ್ಚು ಅಂಕ ಬಂದ ಒಂದು ಭಾಷೆ, ಭಾಷೆಯಲ್ಲದ ನಾಲ್ಕು ವಿಷಯ. ಎರಡರಲ್ಲೂ ಮಿತಿ ಶೇ. 75, ಯಾವ ಮಂಡಳಿಯಲ್ಲಿ ಓದಿದವರಿಗೂ ಇದೇ. 74.9 ಬಂದದ್ದನ್ನು 75 ಎಂದು ಎಣಿಸುವುದಿಲ್ಲ. ಒಪ್ಪದವರೂ ಸಮಿತಿಯಲ್ಲಿದ್ದರು, ಆದರೆ ಒಬ್ಬರಿಗೆ ಸಡಿಲಿಸಿದರೆ ಎಲ್ಲಿ ನಿಲ್ಲಿಸುವುದೆಂದು ಯಾರೂ ಹೇಳಲಾರದೆ ಹೋದರು.

ಅರ್ಜಿ ನಮೂನೆಯಿಂದ ‘ಶೇಕಡಾವಾರು’ ಎಂಬ ಕಲಂ ತೆಗೆದುಹಾಕಿದ್ದೇವೆ. ಅದರ ಬದಲು ಬರೆದ ಎಲ್ಲ ವಿಷಯಗಳ ಹೆಸರು, ಗಳಿಸಿದ ಅಂಕ, ಗರಿಷ್ಠ ಅಂಕ ಎಂಬ ಮೂರು ಕಲಂಗಳಿವೆ. ಕಡಿಮೆ ಬಂದ ವಿಷಯವನ್ನೂ ಬಿಡದೆ ಬರೆಯಿರಿ, ಹೆಚ್ಚುವರಿ ವಿಷಯವಿದ್ದರೆ ಅದರ ಮುಂದೆ ‘ಹೆಚ್ಚುವರಿ’ ಎಂದು ನಮೂದಿಸಿ. ಲೆಕ್ಕವನ್ನು ಸಮಿತಿಯ ಇಬ್ಬರು ಬೇರೆ ಬೇರೆಯಾಗಿ ಮಾಡಿ ಅರ್ಜಿಯ ಹಿಂಬದಿಯಲ್ಲಿ ಬರೆಯುತ್ತಾರೆ. ತಿರಸ್ಕೃತರಾದವರು ಕಚೇರಿಗೆ ಬಂದು ಅದನ್ನು ನೋಡಬಹುದು.